ಅರ್ಜಿ ತೆರೆಯುವ ಮೊದಲು ಹೆಸರು ಕೂಡಿಸಿ

ಪ್ರಶ್ನೆ: ಹೊಸನಗರ ತಾಲ್ಲೂಕಿನ ಹಳ್ಳಿಯಲ್ಲಿದ್ದೇನೆ. ನುಡಿಯಲ್ಲಿ ಚೆನ್ನಾಗಿ ಟೈಪ್ ಮಾಡ್ತೇನೆ, ಮನೆಯಲ್ಲಿ ಲ್ಯಾಪ್‌ಟಾಪ್, ಪ್ರಿಂಟರ್, ಫೈಬರ್ ಇಂಟರ್ನೆಟ್ ಎಲ್ಲ ಇದೆ. ಅಕ್ಕಪಕ್ಕದ ಮನೆಯವರಿಗೆ ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ ತುಂಬಿಕೊಡ್ತೇನೆ. ಹೋದ ವರ್ಷ ಕೆಲವು ಅರ್ಜಿ ವಾಪಸ್ ಬಂದವು, ಇಬ್ಬರಿಗೆ ಮಂಜೂರಾಗಿಯೂ ದುಡ್ಡು ಬರಲಿಲ್ಲ. ಬೈಸಿಕೊಂಡಿದ್ದು ನಾನು. ತಪ್ಪು ಎಲ್ಲಾಗ್ತಿದೆ? ಇದಕ್ಕೆ ಎಷ್ಟು ದುಡ್ಡು ತಗೊಂಡರೆ ಸರಿ?

ಉತ್ತರ: ತಪ್ಪು ನಿಮ್ಮ ಬೆರಳಲ್ಲಿ ಇದ್ದಂತಿಲ್ಲ. ವಿದ್ಯಾರ್ಥಿವೇತನದ ಅರ್ಜಿ ಕೆಡುವುದು ಹೆಚ್ಚಾಗಿ ಎರಡು ಜಾಗದಲ್ಲಿ. ಒಂದು, ಕಾಗದದಿಂದ ಕಾಗದಕ್ಕೆ ಹೆಸರು ಬೇರೆಬೇರೆ ಇರುವುದು. ಇನ್ನೊಂದು, ದುಡ್ಡು ಹೋಗಬೇಕಾದ ಖಾತೆಗೆ ಆಧಾರ್ ಜೋಡಣೆ ಸರಿಯಿಲ್ಲದಿರುವುದು. ಎರಡೂ ಪೋರ್ಟಲ್ ತೆರೆಯುವ ಮೊದಲೇ ಇರುವ ದೋಷಗಳು. ನೀವು ನೇರ ಪೋರ್ಟಲ್ ತೆರೆದು ಕೂತರೆ ಅವನ್ನು ಹಾಗೆಹಾಗೆಯೇ ಒಳಗೆ ಕಳಿಸಿದಂತಾಯಿತು. ಆದ್ದರಿಂದ ಒಂದು ಅರ್ಜಿಗೆ ಒಂದು ಗಂಟೆ ಇಟ್ಟುಕೊಂಡರೆ ಅದರಲ್ಲಿ ನಲವತ್ತು ನಿಮಿಷ ಲ್ಯಾಪ್‌ಟಾಪ್ ಮುಚ್ಚಿಯೇ ಇರಲಿ.

ಒಂದು ಉದಾಹರಣೆ ಕಟ್ಟಿಕೊಂಡು ನೋಡೋಣ. ಸಾಗರದ ಕಾಲೇಜಿನಲ್ಲಿ ಪದವಿ ಮೊದಲ ವರ್ಷಕ್ಕೆ ಸೇರಿದ ಹುಡುಗಿ, ಹಿಂದುಳಿದ ವರ್ಗದವಳು. ಅಪ್ಪನ ಜೊತೆ ಕಾಗದದ ಚೀಲ ಹಿಡಿದು ಬಂದಿದ್ದಾಳೆ. ಚೀಲದಲ್ಲಿರುವುದನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಹರಡಿ. ಒಂದು ಹಾಳೆಯಲ್ಲಿ ಗೆರೆ ಎಳೆದು, ಒಂದೊಂದು ಕಾಗದಕ್ಕೆ ಒಂದೊಂದು ಸಾಲು ಕೊಟ್ಟು, ಹೆಸರನ್ನು ಅದರಲ್ಲಿ ಇರುವಂತೆಯೇ, ಚುಕ್ಕೆ, ಖಾಲಿ ಜಾಗ ಎಲ್ಲ ಸೇರಿಸಿ ಬರೆಯಿರಿ. ಆಗ ಸಿಗುವುದು ಹೀಗಿರುತ್ತದೆ: ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ANUSHA H M, ಆಧಾರ್‌ನಲ್ಲಿ Anusha M, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ANUSHA HM, ಜಾತಿ-ಆದಾಯ ಪತ್ರದಲ್ಲಿ ಕನ್ನಡದಲ್ಲಿ ಅನುಷ ಹೆಚ್.ಎಂ. ಅಪ್ಪನ ಕಥೆ ಇನ್ನೂ ಚೆಂದ. ಅಂಕಪಟ್ಟಿಯಲ್ಲಿ MANJUNATHA, ಆಧಾರ್‌ನಲ್ಲಿ Manjunath, ರೇಷನ್ ಕಾರ್ಡಿನಲ್ಲಿ ಮಂಜಪ್ಪ, ಪಹಣಿಯಲ್ಲಿ 'ಮಂಜಪ್ಪ ಬಿನ್ ಸಣ್ಣಪ್ಪ'. ಊರಿನವರ ಕಣ್ಣಿಗೆ ಇವರೆಲ್ಲ ಒಬ್ಬರೇ. ಕಂಪ್ಯೂಟರಿಗೆ ಹಾಗಲ್ಲ, ಅದು ಅಕ್ಷರ ಎಣಿಸುತ್ತದೆ.

ಎಲ್ಲ ವ್ಯತ್ಯಾಸವೂ ಒಂದೇ ತೂಕದ್ದಲ್ಲ. H M ಮತ್ತು HM ನಡುವಿನ ಖಾಲಿ ಜಾಗಕ್ಕೆ ಸಾಮಾನ್ಯವಾಗಿ ಯಾರೂ ತಕರಾರು ಮಾಡುವುದಿಲ್ಲ. ಇನಿಶಿಯಲ್ಲೇ ಬಿಟ್ಟುಹೋಗಿದ್ದರೆ, ಅಂದರೆ H M ಇರಬೇಕಾದಲ್ಲಿ ಬರೀ M ಇದ್ದರೆ, ಪರಿಶೀಲಿಸುವವರು ತಡೆಹಿಡಿಯುವ ಸಂಭವ ಹೆಚ್ಚು. ಮಂಜುನಾಥ ಮಂಜಪ್ಪನಾಗಿದ್ದರಂತೂ ಬೇರೆ ಮನುಷ್ಯನೆಂದೇ ಲೆಕ್ಕ. ಹುಟ್ಟಿದ ದಿನಾಂಕದಲ್ಲಿ ಒಂದು ದಿನ ಹೆಚ್ಚುಕಮ್ಮಿ ಇದ್ದರೂ ಅದನ್ನು ಸಣ್ಣದೆಂದು ಬಿಡಬೇಡಿ.

ಈಗ ಯಾವುದನ್ನು ಯಾವುದಕ್ಕೆ ಹೊಂದಿಸುವುದು? ಇಲ್ಲಿ ಅನುಭವಸ್ಥರು ಪಾಲಿಸುವ ಕ್ರಮ ಸರಳ: ತಿದ್ದುವುದಕ್ಕೆ ಎಲ್ಲಕ್ಕಿಂತ ಕಷ್ಟವಾದ ಕಾಗದ ಯಾವುದೋ ಅದೇ ಯಜಮಾನ, ಉಳಿದವು ಅದರ ಹಿಂದೆ ಬರಬೇಕು. ವಿದ್ಯಾರ್ಥಿಗಳ ಮಟ್ಟಿಗೆ ಆ ಯಜಮಾನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ. ಅದನ್ನು ತಿದ್ದಿಸಲು ಓದಿದ ಶಾಲೆಗೆ, ಅಲ್ಲಿಂದ ಮಂಡಳಿಗೆ ತಿಂಗಳುಗಟ್ಟಲೆ ಅಲೆಯಬೇಕು. ಹಾಗಾಗಿ ಅನುಷಾಳ ಆಧಾರ್ ANUSHA H M ಆಗಬೇಕೇ ಹೊರತು ಅಂಕಪಟ್ಟಿ Anusha M ಆಗುವುದಲ್ಲ. ಆಧಾರ್‌ನಲ್ಲಿ ಹೆಸರು ತಿದ್ದಲು ಜನ್ಮದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಇದನ್ನು ಬಂದವರಿಗೆ ಬಾಯಿಬಿಟ್ಟು ಹೇಳಿ. ಈ ಸಲ ಸ್ಕಾಲರ್‌ಶಿಪ್ಪಿಗೆಂದು ಅವಸರದಲ್ಲಿ ಒಂದು ರೀತಿ ತಿದ್ದಿಸಿ, ಮುಂದಿನ ಸಲ ಇನ್ನೊಂದು ರೀತಿ ತಿದ್ದಿಸಿದರೆ ಮದುವೆ, ಪಾಸ್‌ಪೋರ್ಟ್ ಅಂತ ಮುಂದೆ ಬಂದಾಗ ಕೈಯಲ್ಲಿ ಅವಕಾಶ ಉಳಿದಿರುವುದಿಲ್ಲ. ತಿದ್ದುಪಡಿಗೆ ಹೋಗುವವರ ಕೈಗೆ ಹೆಸರನ್ನು ದೊಡ್ಡ ಅಕ್ಷರದಲ್ಲಿ, ಇಂಗ್ಲಿಷ್ ಮತ್ತು ಕನ್ನಡ ಎರಡರಲ್ಲೂ ಬರೆದ ಚೀಟಿ ಕೊಟ್ಟು ಕಳಿಸಿ. ಆಧಾರ್ ಕೇಂದ್ರದಲ್ಲಿ ಅವರು ಬಾಯಲ್ಲಿ ಹೇಳಿದ್ದನ್ನು ಆಪರೇಟರ್ ಕೇಳಿಸಿಕೊಂಡಂತೆ ಬರೆಯುತ್ತಾರೆ. ಮಂಜುನಾಥ ಕೊನೆಯ 'a' ಕಳೆದುಕೊಳ್ಳುವುದು ಅಲ್ಲಿಯೇ. ಹೋದಾಗಲೇ ಮೊಬೈಲ್ ನಂಬರ್ ಆಧಾರ್‌ಗೆ ಸೇರಿದೆಯೇ ಎಂದೂ ನೋಡಿಸಿ, ಇಲ್ಲವಾದರೆ ಮುಂದಿನ ಯಾವ ಕೆಲಸಕ್ಕೂ ಆಧಾರ್ ಓಟಿಪಿ ಬರದು.

ಜಾತಿ-ಆದಾಯ ಪತ್ರದ ಮಾತು. ಹಿಂದುಳಿದ ವರ್ಗದವರಿಗೆ ಜಾತಿ ಮತ್ತು ಆದಾಯ ಒಂದೇ ಪತ್ರದಲ್ಲಿ ಬರುತ್ತದೆ, ಪರಿಶಿಷ್ಟರಿಗೆ ಎರಡು ಬೇರೆಬೇರೆ. ಪತ್ರದ ಮೇಲೆ RD ಎಂದು ಶುರುವಾಗುವ ಸಂಖ್ಯೆಯೇ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಕೇಳುವುದು. RD ಎರಡು ಅಕ್ಷರ ಬಿಟ್ಟರೆ ಉಳಿದದ್ದೆಲ್ಲ ಅಂಕಿ, ಅಲ್ಲಿ ಇಂಗ್ಲಿಷ್ O ಎಂಬುದು ಇಲ್ಲವೇ ಇಲ್ಲ. ಆದಾಯ ಪತ್ರದ ಆಯುಷ್ಯ ಐದು ವರ್ಷ. ಅಣ್ಣನಿಗೆ ಮಾಡಿಸಿದ್ದು ಇದೆ ಎಂದು ತಂದುಕೊಡುವವರು ಬಹಳ. ಪತ್ರ ಯಾರ ಹೆಸರಿನಲ್ಲಿದೆ, ಯಾವ ದಿನ ಕೊಟ್ಟಿದ್ದು ಎಂಬೆರಡನ್ನೂ ನೋಡಿ. ಇನ್ನು ಮೂರು ತಿಂಗಳಲ್ಲಿ ಮುಗಿಯುವುದಿದ್ದರೆ ಹೊಸದನ್ನೇ ಮಾಡಿಸಿ, ಏಕೆಂದರೆ ನೀವು ತುಂಬಿದ ದಿನ ಸರಿಯಿದ್ದ ಪತ್ರ ಕಾಲೇಜಿನವರು ಪರಿಶೀಲಿಸುವ ದಿನ ತೀರಿಹೋಗಿರಬಹುದು. ಹೊಸದಕ್ಕೆ nadakacheri.karnataka.gov.in ತಾಣದಲ್ಲಿ ಅರ್ಜಿದಾರರ ಮೊಬೈಲ್ ಓಟಿಪಿಯಿಂದಲೇ ಒಳಗೆ ಹೋಗಬಹುದು. ಅರ್ಜಿ ಗ್ರಾಮ ಆಡಳಿತ ಅಧಿಕಾರಿಗೆ, ಅಲ್ಲಿಂದ ರೆವಿನ್ಯೂ ಇನ್‌ಸ್ಪೆಕ್ಟರಿಗೆ, ಆಮೇಲೆ ತಾಲ್ಲೂಕಿಗೆ ಹೋಗಿಬರಬೇಕು. ಆದ್ದರಿಂದ ಸ್ಕಾಲರ್‌ಶಿಪ್ ಅರ್ಜಿಯ ಕೊನೆಯ ವಾರದಲ್ಲಿ ಇದನ್ನು ಶುರುಮಾಡಿದರೆ ಕೈಗೆ ಹತ್ತುವುದಿಲ್ಲ.

ಈ ತಾಣದಲ್ಲಿ ಹೆಸರನ್ನು ಕನ್ನಡದಲ್ಲೂ ತುಂಬಬೇಕು. ನುಡಿ ಬಲ್ಲವರು ಎಡವುವುದು ಇಲ್ಲೇ ಆದ್ದರಿಂದ ಸ್ವಲ್ಪ ನಿಂತು ಹೇಳುತ್ತೇವೆ. ನುಡಿಯಲ್ಲಿ ಹಳೆಯ ಪದ್ಧತಿಯ ಫಾಂಟ್ ಇಟ್ಟುಕೊಂಡು 'ಕನ್ನಡ' ಎಂದು ಟೈಪ್ ಮಾಡಿದರೆ ನಿಮಗೆ ಸರಿಯಾಗಿಯೇ ಕಾಣುತ್ತದೆ, ಆದರೆ ಅದರ ಒಳಗಿರುವುದು PÀ£ÀßqÀ. ವರ್ಡ್ ಫೈಲಿನಿಂದ ನಕಲು ಮಾಡಿ ಪೋರ್ಟಲಿನಲ್ಲಿ ಅಂಟಿಸಿದ ಕೂಡಲೇ ಈ ಹುಳುಕು ಹೊರಬೀಳುತ್ತದೆ. ನುಡಿಯನ್ನು ಯೂನಿಕೋಡ್‌ಗೆ ಬದಲಾಯಿಸಿಕೊಂಡೇ ಪೋರ್ಟಲಿನಲ್ಲಿ ಟೈಪ್ ಮಾಡಿ. ಇದಾದರೂ ಕಣ್ಣಿಗೆ ಕಾಣುವ ತಪ್ಪು. ಕಾಣದ ತಪ್ಪು ಇನ್ನೆರಡಿವೆ.

ಮೊದಲನೆಯದು ಸೊನ್ನೆ. ಅನುಸ್ವಾರದ 'ಂ' ಬೇರೆ, ಕನ್ನಡ ಅಂಕಿ ಸೊನ್ನೆ '೦' ಬೇರೆ. 'ಮಂಜುನಾಥ' ಮತ್ತು 'ಮ೦ಜುನಾಥ' ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ವ್ಯತ್ಯಾಸ ಕಂಡಿತೇ? ಎರಡನೆಯದರಲ್ಲಿ ಇರುವುದು ಅಂಕಿ. ಮನುಷ್ಯ ಓದುವಾಗ ಏನೂ ಅನಿಸದು. ಹೆಸರಿನಿಂದ ಹುಡುಕಿದರೆ ಮಾತ್ರ ಈ ಮಂಜುನಾಥ ಸಿಕ್ಕುವುದೇ ಇಲ್ಲ. ಅನುಮಾನ ಬಂದರೆ ಕರ್ಸರ್ ಅನ್ನು 'ಜು' ಅಕ್ಷರದ ಎಡಪಕ್ಕದಲ್ಲಿ ಇಟ್ಟು ಬಾಣದ ಕೀಲಿಯಿಂದ ಎಡಕ್ಕೆ ಸರಿಸಿ. ಅನುಸ್ವಾರವಾದರೆ ಸಾಮಾನ್ಯವಾಗಿ 'ಮಂ' ಪೂರ್ತಿ ಒಂದೇ ಹೆಜ್ಜೆಯಲ್ಲಿ ದಾಟುತ್ತದೆ, ಅಂಕಿಯಾದರೆ ನಡುವೆ ಒಮ್ಮೆ ನಿಲ್ಲುತ್ತದೆ. ಎರಡನೆಯದು 'ರಾಜ್‌ಕುಮಾರ್' ಥರದ ಹೆಸರಿನ ನಡುವೆ ಅಕ್ಷರ ಒತ್ತಾಗದಂತೆ ತಡೆಯುವ ಅದೃಶ್ಯ ಚಿಹ್ನೆ. ಒಂದು ಕಾಗದದಲ್ಲಿ ಅದಿದ್ದು ಇನ್ನೊಂದರಲ್ಲಿ 'ರಾಜ್ಕುಮಾರ್' ಎಂದು ಒತ್ತಾಗಿ ಬಂದಿದ್ದರೆ ಅವು ಎರಡು ಹೆಸರು. ಕೂಡಿದಷ್ಟು ಮಟ್ಟಿಗೆ 'ರಾಜಕುಮಾರ' ಎಂದು ಬರೆಸಿದರೆ ಗೋಜಲೇ ಇಲ್ಲ, ಆದರೆ ಅದು ಅವರ ಹೆಸರು, ನಿಮ್ಮದಲ್ಲ, ಹಳೆಯ ದಾಖಲೆ ಹೇಗಿದೆಯೋ ಹಾಗೆ. 'ಎಚ್' ಬರೆಯಬೇಕೋ 'ಹೆಚ್' ಬರೆಯಬೇಕೋ ಎಂಬ ಪಂಡಿತರ ಜಗಳಕ್ಕೂ ಇದೇ ಉತ್ತರ: ಮನೆಯ ಉಳಿದ ಪತ್ರಗಳಲ್ಲಿ ಯಾವುದಿದೆಯೋ ಅದು.

ಆದಾಯದ ಕಾಲಂ ಬಂದಾಗ "ಎಷ್ಟು ಹಾಕ್ಲಿ ಮಾರಾಯ್ತಿ, ನೀನೇ ಏನಾದ್ರೂ ಒಂದು ಹಾಕು" ಎನ್ನುತ್ತಾರೆ. ಹಾಕಬೇಡಿ. ಅಡಿಕೆ ದರ ಏರಿದ ವರ್ಷ, ಕೊಳೆರೋಗ ಬಂದ ವರ್ಷ ಆದಾಯ ಒಂದೇ ಇರುವುದಿಲ್ಲ, ನಿಜ. ಆದರೆ ಅಂಕಿ ಅವರ ಬಾಯಿಂದ ಬರಬೇಕು, ಅವರೇ ಹಾಳೆಯಲ್ಲಿ ಬರೆದು ಸಹಿ ಮಾಡಬೇಕು. ಅರ್ಜಿಯ ಕೊನೆಯಲ್ಲಿರುವ ಘೋಷಣೆ ಅವರದು, ಸುಳ್ಳಾದರೆ ಹೊಣೆಯೂ ಅವರದು. ನೀವು ಊಹಿಸಿ ಹಾಕಿದ ಅಂಕಿಯಾದರೆ ಆ ಹೊಣೆ ನಿಮ್ಮ ಜಗಲಿಗೆ ಬಂದು ಕೂರುತ್ತದೆ.

ಇನ್ನು ಮಂಜೂರಾಗಿಯೂ ಬಾರದ ದುಡ್ಡು. ಹೆಚ್ಚಿನವರು ಪಾಸ್‌ಬುಕ್ ತೋರಿಸಿ "ಆಧಾರ್ ಲಿಂಕ್ ಆಗಿದೆ" ಎನ್ನುತ್ತಾರೆ. ಲಿಂಕ್ ಆಗಿರುವುದು ಒಂದು, ಸೀಡಿಂಗ್ ಆಗಿರುವುದು ಇನ್ನೊಂದು. ಬ್ಯಾಂಕಿನ ಪುಸ್ತಕದಲ್ಲಿ ಆಧಾರ್ ಸಂಖ್ಯೆ ಬರೆದುಕೊಂಡರೆ ಅದು ಲಿಂಕ್. ಎನ್‌ಪಿಸಿಐ ಎಂಬ ಪಾವತಿ ನಿಗಮದ ಪಟ್ಟಿಯಲ್ಲಿ 'ಈ ಆಧಾರ್‌ಗೆ ಬರುವ ಸರ್ಕಾರದ ಹಣ ಈ ಬ್ಯಾಂಕಿಗೆ' ಎಂದು ದಾಖಲಾಗುವುದು ಸೀಡಿಂಗ್. ವಿದ್ಯಾರ್ಥಿವೇತನ ಖಾತೆ ಸಂಖ್ಯೆ ನೋಡಿ ಬರುವುದಿಲ್ಲ, ಆಧಾರ್ ಹಿಡಿದು ಈ ಪಟ್ಟಿ ನೋಡಿ ಬರುತ್ತದೆ. ಒಬ್ಬರಿಗೆ ಎಷ್ಟು ಖಾತೆ ಇದ್ದರೂ ಪಟ್ಟಿಯಲ್ಲಿರುವುದು ಒಂದೇ ಬ್ಯಾಂಕ್, ಕೊನೆಗೆ ಯಾವುದು ಸೇರಿತೋ ಅದು. ಹುಡುಗರು ಫೋನಿನಲ್ಲೇ ಯಾವುದೋ ಹೊಸ ಖಾತೆ ತೆರೆದು ಎಲ್ಲದಕ್ಕೂ ಒಪ್ಪಿಗೆ ಒತ್ತಿರುತ್ತಾರೆ. ದುಡ್ಡು ಅಲ್ಲಿ ಬಂದು ಬಿದ್ದಿರುತ್ತದೆ, ಅಪ್ಪ ಮಾತ್ರ ಊರಿನ ಬ್ಯಾಂಕಿನ ಪಾಸ್‌ಬುಕ್ ಎಂಟ್ರಿ ಹಾಕಿಸಿ ಹಾಕಿಸಿ ಸುಸ್ತಾಗಿರುತ್ತಾರೆ.

ನೋಡುವುದು ಸುಲಭ. myaadhaar.uidai.gov.in ತಾಣಕ್ಕೆ ವಿದ್ಯಾರ್ಥಿಯ ಆಧಾರ್ ಮತ್ತು ಓಟಿಪಿಯಿಂದ ಹೋಗಿ Bank Seeding Status ಒತ್ತಿದರೆ ಬ್ಯಾಂಕಿನ ಹೆಸರು, Active ಇದೆಯೋ Inactive ಇದೆಯೋ, ಕೊನೆಗೆ ಬದಲಾದ ದಿನಾಂಕ ಎಲ್ಲ ಕಾಣುತ್ತದೆ. ಅರ್ಜಿ ತುಂಬುವ ದಿನವೇ ಇದರ ಪ್ರಿಂಟ್ ತೆಗೆದು ಅವರ ಕೈಗೆ ಕೊಡಿ. Inactive ಇದ್ದರೆ ನೀವು ಮನೆಯಲ್ಲಿ ಕೂತು ಮಾಡುವುದು ಹೆಚ್ಚಿಲ್ಲ, ಅವರೇ ಬ್ಯಾಂಕಿಗೆ ಹೋಗಿ ಸೀಡಿಂಗ್‌ಗೆ ಒಪ್ಪಿಗೆ ಪತ್ರ ಬರೆದುಕೊಡಬೇಕು. 'ಆಧಾರ್ ಲಿಂಕ್ ಮಾಡಿ' ಎಂದು ಕೇಳಿದರೆ "ಆಗಿದೆಯಲ್ಲ" ಎಂದು ವಾಪಸ್ ಕಳಿಸುತ್ತಾರೆ. 'ಡಿಬಿಟಿಗೆ ಎನ್‌ಪಿಸಿಐ ಸೀಡಿಂಗ್ ಆಗಬೇಕು' ಎಂದು ಚೀಟಿಯಲ್ಲಿ ಬರೆದು ಕಳಿಸಿ. ಡಿಬಿಟಿ ಎಂದರೆ ಸರ್ಕಾರದ ಹಣ ನೇರ ಖಾತೆಗೆ ಬರುವ ವ್ಯವಸ್ಥೆ.

ಖಾತೆಯ ಜೀವವನ್ನೂ ನೋಡಿ. ಹೈಸ್ಕೂಲಿನಲ್ಲಿದ್ದಾಗ ಸ್ಕಾಲರ್‌ಶಿಪ್ಪಿಗೆಂದು ತೆರೆದ ಖಾತೆಯಲ್ಲಿ ಎರಡು ವರ್ಷ ಗ್ರಾಹಕರ ಕಡೆಯಿಂದ ವಹಿವಾಟೇ ಇಲ್ಲದಿದ್ದರೆ ಬ್ಯಾಂಕ್ ಅದನ್ನು ನಿಷ್ಕ್ರಿಯ ಮಾಡುತ್ತದೆ. ಕೆವೈಸಿ ಕೊಟ್ಟು ಎಬ್ಬಿಸಿದ ಮೇಲೆ ನೂರು ರೂಪಾಯಿ ಕಟ್ಟಿ ತೆಗೆಸಿ. ಮನೆಯ ಹಳೆಯ ಪಾಸ್‌ಬುಕ್ಕಿನಿಂದ ಐಎಫ್‌ಎಸ್‌ಸಿ ನಕಲು ಮಾಡುವ ಅಭ್ಯಾಸ ಇದ್ದರೆ ಬಿಡಿ. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಕ್ಕೆ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಯೂನಿಯನ್ ಬ್ಯಾಂಕಿಗೆ ಸೇರಿಹೋದವು. VIJB, SYNB, CORP ಎಂದು ಶುರುವಾಗುವ ಸಂಕೇತ ಇನ್ನೂ ಅಲ್ಮೇರಾದ ಪಾಸ್‌ಬುಕ್ಕುಗಳಲ್ಲಿ ಕೂತಿದೆ.

ಇಷ್ಟಾದ ಮೇಲೆ ಪೋರ್ಟಲ್. ಮೆಟ್ರಿಕ್ ನಂತರದವರಿಗೆ ssp.postmatric.karnataka.gov.in. ತುಂಬುವ ಕೆಲಸ ನಿಮಗೆ ಗೊತ್ತೇ ಇದೆ, ಅದನ್ನು ವಿವರಿಸುವುದಿಲ್ಲ. ಮೂರು ಕಡೆ ಮಾತ್ರ ಕೈ ತಡೆಯಿರಿ. ಮೊಬೈಲ್ ನಂಬರ್ ಕಾಲಂನಲ್ಲಿ ನಿಮ್ಮದನ್ನು ಹಾಕಬೇಡಿ. ಓಟಿಪಿ ಬೇಗ ಸಿಗುತ್ತದೆಂದು ಹೆಚ್ಚಿನ ಅಂಗಡಿಗಳಲ್ಲಿ ಇದನ್ನೇ ಮಾಡುತ್ತಾರೆ. ಆಮೇಲೆ 'ನಿಮ್ಮ ಅರ್ಜಿ ತಡೆಹಿಡಿಯಲಾಗಿದೆ' ಎಂಬ ಸಂದೇಶ ವಿದ್ಯಾರ್ಥಿಗೆ ಬರುವುದೇ ಇಲ್ಲ, ಅಂಗಡಿಯವರ ಫೋನಿನಲ್ಲಿ ನೂರರ ನಡುವೆ ಕಳೆದುಹೋಗುತ್ತದೆ. ಮುಂದಿನ ವರ್ಷ ಪಾಸ್‌ವರ್ಡ್ ಮರೆತಾಗಲೂ ಅವರು ನಿಮ್ಮ ಬಾಗಿಲಿಗೇ ಬರಬೇಕು. ಎರಡನೆಯದಾಗಿ, ಓಟಿಪಿ ಮತ್ತು ಪಾಸ್‌ವರ್ಡನ್ನು ವಿದ್ಯಾರ್ಥಿಯೇ ಒತ್ತಲಿ, ಲ್ಯಾಪ್‌ಟಾಪನ್ನು ಆಕಡೆ ತಿರುಗಿಸಿ ಕೊಟ್ಟರಾಯಿತು. 'ಪಾಸ್‌ವರ್ಡ್ ಉಳಿಸಲೇ' ಎಂದು ಬ್ರೌಸರ್ ಕೇಳಿದಾಗ ಬೇಡ ಎನ್ನಿ. ಮೂರನೆಯದಾಗಿ, ಕೊನೆಯ ಬಟನ್ ಒತ್ತುವ ಮೊದಲು ಪುಟವನ್ನು ಪೂರ್ತಿ ಓದಿ ಹೇಳಿ. ಹೆಸರನ್ನು ಅಕ್ಷರಕ್ಕೆ ಅಕ್ಷರ, RD ಸಂಖ್ಯೆಯನ್ನು ಅಂಕಿಗೆ ಅಂಕಿ ನೀವು ಓದಬೇಕು, ವಿದ್ಯಾರ್ಥಿ ಕಾಗದದಲ್ಲಿ ಬೆರಳಿಟ್ಟು ಹೂಂಗುಡಬೇಕು.

ನಿಮ್ಮ ಕಡೆ ಇನ್ನೊಂದು ತೊಡಕು ಇರಲೇಬೇಕು. ಮನೆಯಲ್ಲಿ ಫೈಬರ್ ಇದೆ, ಮೊಬೈಲ್ ಟವರ್ ಇಲ್ಲ. ಪೋರ್ಟಲ್ ತೆರೆಯುತ್ತದೆ, ಓಟಿಪಿ ಬರುವುದಿಲ್ಲ. ಆಧಾರ್ ಓಟಿಪಿ ಹತ್ತು ನಿಮಿಷ ಬದುಕಿರುತ್ತದೆ. ಹುಡುಗ ಫೋನ್ ಹಿಡಿದು ಗುಡ್ಡದ ನೆತ್ತಿಗೆ ಓಡಿ, ಅಲ್ಲಿಂದ ಕೂಗಿ ಹೇಳುವಷ್ಟರಲ್ಲಿ ಅದು ಸತ್ತಿರುತ್ತದೆ. ಮತ್ತೆಮತ್ತೆ ಬಟನ್ ಒತ್ತಿದರೆ ನಾಲ್ಕು ಓಟಿಪಿ ಒಟ್ಟಿಗೆ ಬಂದು ಯಾವುದು ಯಾವುದೆಂದು ತಿಳಿಯದಾಗುತ್ತದೆ, ಕೊನೆಯದು ಮಾತ್ರ ನಡೆಯುವಂಥದ್ದು. ಕಂಪನಿ ಮತ್ತು ಫೋನ್ ಎರಡೂ ಒಪ್ಪಿದರೆ ವೈಫೈ ಕರೆಯ ಸೌಲಭ್ಯ ಹಾಕಿ ನೋಡಿ, ಕೆಲವರಿಗೆ ಎಸ್‌ಎಂಎಸ್ ಕೂಡ ಅದರಲ್ಲೇ ಬರುತ್ತದೆ. ಆಗದಿದ್ದರೆ ಹೆಸರು ಕೂಡಿಸುವ ಕೆಲಸ, ಸ್ಕ್ಯಾನ್ ಎಲ್ಲ ಮನೆಯಲ್ಲಿ ಮುಗಿಸಿಕೊಂಡು, ಓಟಿಪಿ ಕೆಲಸಕ್ಕೆ ಲ್ಯಾಪ್‌ಟಾಪ್ ಹಿಡಿದು ಸಿಗ್ನಲ್ ಇರುವ ಜಾಗಕ್ಕೇ ಹೋಗಿ, ಫೋನಿನ ಹಾಟ್‌ಸ್ಪಾಟ್‌ನಲ್ಲಿ ಮುಗಿಸಿ. ಬೆಳಿಗ್ಗೆ ಆರೂವರೆ, ಏಳಕ್ಕೆ ಸರ್ವರ್ ಹಗುರ ಇರುತ್ತದೆ. ಕೊನೆಯ ದಿನದ ಸಂಜೆ ಅದನ್ನು ನಂಬಬೇಡಿ, ಆಷಾಢದ ಮಳೆಯಲ್ಲಿ ಕರೆಂಟನ್ನೂ.

ಸ್ಕ್ಯಾನ್ ದೊಡ್ಡದಾಗಿ ಪೋರ್ಟಲ್ ತಿರಸ್ಕರಿಸಿದರೆ ಗುಣಮಟ್ಟ ಹಾಳುಮಾಡಿ ಕುಗ್ಗಿಸಬೇಡಿ. ಸ್ಕ್ಯಾನರಿನಲ್ಲೇ 150 ಡಿಪಿಐ, ಬಣ್ಣ ತೆಗೆದು ಬೂದು ಎಂದು ಇಟ್ಟುಕೊಳ್ಳಿ. ಎ4 ಹಾಳೆಗೆ ಅದು ಸುಮಾರು 1240 × 1754 ಪಿಕ್ಸೆಲ್, ಸೀಲಿನ ಸಣ್ಣ ಅಕ್ಷರವೂ ಓದಲು ಸಿಗುತ್ತದೆ, ಫೈಲೂ ಚಿಕ್ಕದಾಗುತ್ತದೆ.

ಸಲ್ಲಿಸಿದ ಮೇಲೆ ಸ್ವೀಕೃತಿಯ ಎರಡು ಪ್ರತಿ ತೆಗೆಯಿರಿ. ಒಂದನ್ನು ಮೂಲ ಕಾಗದಗಳ ಜೊತೆ ಕಾಲೇಜಿಗೆ ಒಯ್ಯಬೇಕೆಂದು ಬರೆದೇ ಕೊಡಿ. ಕಾಲೇಜಿನವರು ಪರಿಶೀಲಿಸಿ ಮುಂದೆ ಕಳಿಸದಿದ್ದರೆ ಅರ್ಜಿ ಅಲ್ಲೇ ಕೂತಿರುತ್ತದೆ, ಸಲ್ಲಿಕೆಯಾದದ್ದನ್ನೇ ಮಂಜೂರಾಯಿತೆಂದು ತಿಳಿದು ಮನೆಯವರು ಕಾಯುತ್ತಿರುತ್ತಾರೆ. ಮಂಜೂರಾದ ನಂತರ ದುಡ್ಡು ಯಾವ ಬ್ಯಾಂಕಿಗೆ ಯಾವತ್ತು ಬಿತ್ತು ಎಂಬುದನ್ನು ವಿದ್ಯಾರ್ಥಿಯ ಫೋನಿನಲ್ಲೇ 'ಡಿಬಿಟಿ ಕರ್ನಾಟಕ' ಆ್ಯಪ್‌ನಿಂದ ನೋಡಬಹುದು. ಹೋದ ವರ್ಷದ ನಿಮ್ಮ ಇಬ್ಬರಿಗೂ ಮೊದಲು ಇದನ್ನು ತೆರೆಸಿ, ಆಮೇಲೆ ಸೀಡಿಂಗ್ ಪುಟ. ಎರಡರಲ್ಲಿ ಒಂದು ಕಡೆ ಉತ್ತರ ಸಿಗುವ ಸಂಭವ ಬಹಳ.

ಬಂದವರ ಕಾಗದ ನಿಮ್ಮಲ್ಲಿ ಉಳಿಯಬಾರದು. ಸ್ಕ್ಯಾನ್‌ಗಳನ್ನು ಅವರ ಫೋನಿಗೆ ಕಳಿಸಿ, ನಿಮ್ಮ ಲ್ಯಾಪ್‌ಟಾಪಿನ ಡೌನ್‌ಲೋಡ್ ಫೋಲ್ಡರ್, ರೀಸೈಕಲ್ ಬಿನ್, ವಾಟ್ಸ್ಆ್ಯಪ್ ಎಲ್ಲ ಕಡೆಯಿಂದ ಅಳಿಸಿ. ಗುರುತಿಗೆ ಆಧಾರ್ ಪ್ರತಿ ಸಾಕಾಗುವಲ್ಲಿ ಮೊದಲ ಎಂಟು ಅಂಕಿ ಮುಚ್ಚಿದ ಪ್ರತಿಯನ್ನು ಕೊಡಿಸಿ, ಅದೇ ಆಧಾರ್ ತಾಣದಲ್ಲಿ ಸಿಗುತ್ತದೆ. ನಿಮ್ಮ ಪುಸ್ತಕದಲ್ಲಿ ದಿನಾಂಕ, ಹೆಸರು, ಸ್ವೀಕೃತಿ ಸಂಖ್ಯೆ ಇಷ್ಟೇ ಇರಲಿ. ಇನ್ನೊಬ್ಬರ ಪಾಸ್‌ವರ್ಡನ್ನು ಮೋಸಕ್ಕೆ ಬಳಸಿದರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ನೀವು ಮೋಸ ಮಾಡುವವರಲ್ಲ, ಆದರೆ ಎಲ್ಲರ ಪಾಸ್‌ವರ್ಡ್ ಬರೆದ ಪುಸ್ತಕ ನಿಮ್ಮ ಮನೆಯಲ್ಲಿದ್ದರೆ ನಾಳೆ ಏನೇ ಆದರೂ ಮೊದಲ ಬೆರಳು ನಿಮ್ಮ ಕಡೆಗೇ.

ದುಡ್ಡಿನ ವಿಚಾರ. ಬಂದ ಸ್ಕಾಲರ್‌ಶಿಪ್ಪಿನಲ್ಲಿ ಪಾಲು ಎಂದು ಯಾವತ್ತೂ ಮಾತಾಡಬೇಡಿ. ಮಂಜೂರು ಮಾಡಿಸುವ ಕೆಲಸ ನಿಮ್ಮದಲ್ಲ, ತುಂಬುವ ಕೆಲಸ ನಿಮ್ಮದು, ಕೂಲಿ ಅದಕ್ಕೆ. ನಮ್ಮ ಸಲಹೆ: ಕಾಗದ ಹೊಂದಿಸಿ ನೋಡುವುದಕ್ಕೂ ತುಂಬುವುದಕ್ಕೂ ಸೇರಿ ಒಂದು ಅರ್ಜಿಗೆ 80ರಿಂದ 100 ರೂಪಾಯಿ, ಪ್ರಿಂಟು ಪುಟಕ್ಕೆ 5. ಪೋರ್ಟಲ್ ಕೇಳುವ ಸರ್ಕಾರಿ ಶುಲ್ಕವನ್ನು ರಸೀದಿಯಲ್ಲಿ ಬೇರೆ ಸಾಲಿನಲ್ಲಿ ಬರೆಯಿರಿ, ಸಾಧ್ಯವಾದರೆ ಅವರ ಫೋನಿನಿಂದಲೇ ಕಟ್ಟಿಸಿ. ಹೆಸರು ಕೂಡದೆ ಅರ್ಧದಲ್ಲಿ ವಾಪಸ್ ಕಳಿಸಿದವರಿಂದ 20 ರೂಪಾಯಿ ತೆಗೆದುಕೊಂಡು, ಏನೇನು ತಿದ್ದಿಸಬೇಕೆಂಬ ಚೀಟಿ ಕೊಡಿ. ನಿಮ್ಮ ಬೆರಳಿನ ತಪ್ಪಿನಿಂದ ಅರ್ಜಿ ವಾಪಸ್ ಬಂದರೆ ಮರುತುಂಬುವುದು ಪುಕ್ಕಟೆ. ಬಾಗಿಲಲ್ಲಿ 'ಟೈಪಿಂಗ್ ಮತ್ತು ಅರ್ಜಿ ತುಂಬುವ ಕೆಲಸ' ಎಂದಷ್ಟೇ ಬೋರ್ಡ್ ಇರಲಿ. ರಾಜ್ಯದ ಲಾಂಛನ, 'ಗ್ರಾಮ ಒನ್' ಹೆಸರು ಪರವಾನಗಿ ಇದ್ದವರಿಗೆ ಮಾತ್ರ. ಬೆರಳ ಗುರುತು ಕೊಡಬೇಕಾದ ಕೆಲಸ ಬಂದರೆ ಬಂದವರನ್ನು ಗ್ರಾಮ ಒನ್‌ಗೇ ಕಳಿಸಿ.